ಸಾಫ್ಟ್‌ವೇರ್‌ಗೆ ಮೊದಲು ಒಂದೂವರೆ ಪುಟದ ಚಾರ್ಟರ್: ನನ್ನ ಅನುಭವ

ಖರೀದಿ ವಿನಂತಿಗಳ ಅಪ್ರೂವಲ್‌ಗೆ ಹೊಸ ಸಾಫ್ಟ್‌ವೇರ್ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ಯೋಜನೆಯ ಹೊಣೆ, ವ್ಯಾಪ್ತಿ, ಗುರಿಗಳನ್ನು ಬರೆದಿಡುವ ಚಾರ್ಟರ್‌ಗೆ ಸಹಿ ಬೀಳುವವರೆಗೆ ಒಂದು ಲೈಸೆನ್ಸನ್ನೂ ಕೊಳ್ಳುವುದಿಲ್ಲ ಎಂದೆ. "ನಮ್ಮವರೇ ಬಳಸೋದಕ್ಕೆ ಇಷ್ಟೆಲ್ಲ ಕಾಗದ ಯಾಕ್ರೀ?" ಎಂದು ನಕ್ಕವರೇ ಹೆಚ್ಚು. ಈಗ ಅವರಲ್ಲೇ ಕೆಲವರು ಆ ಫೈಲ್ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಟ ಹಿಡಿದದ್ದಕ್ಕೆ ಹಿಂದಿನ ರೋಲ್‌ಔಟ್ ಕಾರಣ. ಅದಕ್ಕೂ ಚಾರ್ಟರ್ ಎಂಬುದಿತ್ತು. ಯೋಜನೆಯ ಬೆನ್ನಿಗೆ ನಿಲ್ಲಬೇಕಾದ ಪ್ರಾಯೋಜಕರ ಜಾಗದಲ್ಲಿ "ಆಡಳಿತ ವರ್ಗ", ಯಶಸ್ಸಿನ ಜಾಗದಲ್ಲಿ "ದಕ್ಷತೆ ಹೆಚ್ಚಿಸುವುದು" ಎಂದಿತ್ತು. ಸುಮಾರು 400 ಲೈಸೆನ್ಸ್‌ಗೆ ಒಂದು ವರ್ಷದ ದುಡ್ಡನ್ನು ಮುಂಗಡವಾಗಿಯೇ ಕಟ್ಟಿದ್ದರು. ಅರ್ಧಕ್ಕರ್ಧ ಜನ ಒಳಗೆ ಹೋಗಿ ನೋಡಲೂ ಇಲ್ಲ, ಏಕೆಂದರೆ ಇಮೇಲ್ ಕಳಿಸಿದರೂ ಕೆಲಸ ಆಗುತ್ತಿತ್ತು. ನವೀಕರಣದ ಹೊತ್ತಿಗೆ ಆ ಯೋಜನೆ ಗೆದ್ದಿತೋ ಸೋತಿತೋ ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ಹಾಗಾಗಿ ಈ ಸಲ ಪ್ರಾಯೋಜಕರಿಂದಲೇ ಶುರು ಮಾಡಿದೆ. ಐಟಿ ಮುಖ್ಯಸ್ಥರು ತಾವಾಗಿಯೇ ಮುಂದೆ ಬಂದರು. ಆದರೆ ನಾನು ಹುಡುಕುತ್ತಿದ್ದದ್ದು ಹಳೇ ದಾರಿ ಮುಚ್ಚುವ ಅಧಿಕಾರ ಇರುವವರನ್ನು. ಐಟಿಯವರು ಹೊಸ ಬಾಗಿಲು ತೆರೆಯಬಲ್ಲರು, ಇಮೇಲ್‌ನಲ್ಲಿ ಬಂದ ವಿನಂತಿಯನ್ನು ತಿರಸ್ಕರಿಸಬಲ್ಲವರು ಫೈನಾನ್ಸ್‌ನವರು ಮಾತ್ರ. ಆದ್ದರಿಂದ ಪ್ರಾಯೋಜಕರಾಗಿ ಫೈನಾನ್ಸ್ ಮುಖ್ಯಸ್ಥರ ಹೆಸರನ್ನೇ ಬರೆದು, ಅದರ ಕೆಳಗೆ ಒಂದು ವಾಕ್ಯ ಸೇರಿಸಿದೆ: "ಗೋ-ಲೈವ್ ಆದ ಆರನೇ ವಾರದಿಂದ ಇಮೇಲ್ ವಿನಂತಿಗೆ ಪರ್ಚೇಸ್ ಆರ್ಡರ್ ಹೊರಡುವುದಿಲ್ಲ." ಅವರ ಸಹಿ ಬಿದ್ದದ್ದು ಈ ವಾಕ್ಯದ ಕೆಳಗೆ. ಆ ಸಹಿಗೆ ಸುಮಾರು ಮೂರು ವಾರ ಹಿಡಿಯಿತು. ಕೊನೆಗೆ ಅವರನ್ನು ಒಪ್ಪಿಸಿದ ಉಪಾಯ ಇಲ್ಲಿ ಬಿಚ್ಚಿಡುವುದಿಲ್ಲ, ಮುಂದಿನ ಯೋಜನೆಗೂ ಬೇಕು.

ವ್ಯಾಪ್ತಿಯನ್ನು ಫೀಚರ್‌ಗಳ ಪಟ್ಟಿಯಾಗಿ ಬರೆದರೆ ಅದು ಬೆಳೆಯುತ್ತಲೇ ಹೋಗುತ್ತದೆ. ನಾನು ಎರಡು ಘಟನೆಗಳ ನಡುವೆ ಬೇಲಿ ಹಾಕಿದೆ: ಉದ್ಯೋಗಿ ವಿನಂತಿ ಸಲ್ಲಿಸಿದಲ್ಲಿಂದ ಪರ್ಚೇಸ್ ಆರ್ಡರ್ ನಂಬರ್ ಹುಟ್ಟುವವರೆಗೆ. ಪೂರೈಕೆದಾರರ ನೋಂದಣಿ, ಬಿಲ್ ತಾಳೆ ನೋಡುವುದು, ಹಳೇ ದಾಖಲೆಗಳ ವರ್ಗಾವಣೆ, ಎಲ್ಲವೂ ಹೊರಗೆ. ಹೊರಗಿಟ್ಟ ಪ್ರತಿಯೊಂದರ ಪಕ್ಕ ಅದನ್ನು ಕೇಳಿದವರ ಹೆಸರನ್ನೂ ಬರೆದೆ. ತಮ್ಮ ಹೆಸರು ಅಲ್ಲಿ ಕಂಡರೆ, ತಮ್ಮ ಮಾತು ಯಾರೂ ಕೇಳಲಿಲ್ಲ ಎಂಬ ದೂರು ಅರ್ಧ ಕಡಿಮೆಯಾಗುತ್ತದೆ. ನಡುವೆ ಬಿಲ್ ತಾಳೆಯನ್ನೂ ಸೇರಿಸಿ ಎಂಬ ಒತ್ತಡ ಬಂತು. ವೆಂಡರ್ ಅದಕ್ಕೆ ಹೇಳಿದ ಬೆಲೆ ನಮ್ಮ ಒಟ್ಟು ಬಜೆಟ್‌ನ ಕಾಲು ಭಾಗದಷ್ಟಿತ್ತು. ಚಾರ್ಟರ್ ತೆಗೆದು ತೋರಿಸಿದೆ, ಮಾತು ಹತ್ತು ನಿಮಿಷಕ್ಕೆ ಮುಗಿಯಿತು.

ಈ ನಡುವೆ ಯಾರು ಯಾವುದಕ್ಕೆ ಹೊಣೆ ಎಂದು ತೋರಿಸುವ ರೇಸಿ ಕೋಷ್ಟಕವನ್ನೂ ಮಾಡಿ ನೋಡಿದೆ. ನಲವತ್ತು ಸಾಲು ದಾಟಿತು, ಯಾರೂ ಓದಲಿಲ್ಲ, ಕಿತ್ತು ಹಾಕಿದೆ.

ಹೆಚ್ಚು ಬೆವರು ಸುರಿಸಿದ್ದು ಯಶಸ್ಸಿನ ಮಾನದಂಡಕ್ಕೆ. ಎಷ್ಟು ಜನ ಲಾಗಿನ್ ಆದರು ಎಂಬ ಲೆಕ್ಕ ಹಾಕಿ ಎಂದರು ಕೆಲವರು. ಹಳೇ ದಾರಿ ಮುಚ್ಚಿದ ಮೇಲೆ ಎಲ್ಲರೂ ಲಾಗಿನ್ ಆಗಲೇಬೇಕು, ಅದು ಒತ್ತಾಯದ ಲೆಕ್ಕ, ಯಶಸ್ಸಿನದಲ್ಲ. ಅದರ ಬದಲು ಹಿಂದಿನ ಮೂರು ತಿಂಗಳ ಇಮೇಲ್‌ಗಳಿಂದ ನೂರಿಪ್ಪತ್ತರಷ್ಟು ವಿನಂತಿ ಆರಿಸಿ, ಮೊದಲ ಮೇಲ್‌ನಿಂದ ಆರ್ಡರ್‌ವರೆಗಿನ ದಿನ ಎಣಿಸಿದೆವು. ಸರಾಸರಿ 11 ದಿನ, ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಮಧ್ಯಾಂಕ 6. ಎರಡೆರಡು ತಿಂಗಳು ಕೊಳೆತ ಕೆಲವು ವಿನಂತಿಗಳು ಸರಾಸರಿಯನ್ನು ಎಳೆದಿದ್ದವು. ಸರಾಸರಿಯನ್ನೇ ಗುರಿ ಮಾಡಿದ್ದರೆ ಆ ನಾಲ್ಕಾರನ್ನು ಬೇಗ ಮುಗಿಸಿಯೇ ಗೆದ್ದೆವೆನ್ನಬಹುದಿತ್ತು. ಆದ್ದರಿಂದ ಎರಡು ಗುರಿ ಇಟ್ಟೆ: ಮಧ್ಯಾಂಕ 3 ದಿನಕ್ಕೆ ಇಳಿಯಬೇಕು, 15 ದಿನ ಮೀರುವ ವಿನಂತಿಗಳು ಐದನೇ ಒಂದು ಭಾಗದಿಂದ ಹತ್ತನೇ ಒಂದಕ್ಕಿಂತ ಕೆಳಗೆ ಬರಬೇಕು. ಗೋ-ಲೈವ್ ಆದ 90 ದಿನಕ್ಕೆ ಈ ರಿಪೋರ್ಟ್ ತೆಗೆಯುವವರು ಫೈನಾನ್ಸ್‌ನವರು, ನಾನಲ್ಲ. ಇದೂ ಚಾರ್ಟರ್‌ನಲ್ಲೇ ಇತ್ತು.

ಲೈಸೆನ್ಸ್ ದುಡ್ಡು ಉಳಿದದ್ದೂ ವ್ಯಾಪ್ತಿಯ ಆ ಬೇಲಿಯಿಂದಲೇ. ಬರೀ ವಿನಂತಿ ಸಲ್ಲಿಸುವವರಿಗೆ ಪೂರ್ತಿ ಲೈಸೆನ್ಸ್ ಬೇಕಿರಲಿಲ್ಲ, ಅಪ್ರೂವ್ ಮಾಡುವವರಿಗೆ ಸಾಕಿತ್ತು. ಮೊದಲು ನೂರೈವತ್ತರಷ್ಟು ಕೊಂಡೆವು, ಆಮೇಲೆ ಸ್ವಲ್ಪ ಸೇರಿಸಿದೆವು. ವೆಂಡರ್‌ನ ಮೊದಲ ಕೊಟೇಶನ್‌ಗೆ ಹೋಲಿಸಿದರೆ ಶೇ. 60ರ ಆಸುಪಾಸಿನಲ್ಲಿ ಮುಗಿಯಿತು.

90 ದಿನದ ರಿಪೋರ್ಟ್‌ನಲ್ಲಿ ಮಧ್ಯಾಂಕ ಮೂರೂವರೆ ದಿನದ ಹತ್ತಿರ ಬಂದಿತ್ತು, ಅಂದರೆ ಆ ಗುರಿ ತಪ್ಪಿತು. 15 ದಿನ ಮೀರಿದವು ಶೇ. 6ರಷ್ಟು, ಆ ಗುರಿ ಮುಟ್ಟಿದೆವು. ಒಂದು ತಪ್ಪಿತು, ಒಂದು ಮುಟ್ಟಿತು ಎಂದು ಹಾಗೇ ಬರೆದು ಕೊಟ್ಟರು. ಬಿಲ್ ತಾಳೆಯ ಯೋಜನೆ ಈಗ ಬೇರೆಯಾಗಿ ಬರುತ್ತಿದೆ. ಅದರ ಚಾರ್ಟರ್ ಕರಡನ್ನು ಫೈನಾನ್ಸ್ ಮುಖ್ಯಸ್ಥರೇ ಕಳಿಸಿದ್ದಾರೆ, ಅದರಲ್ಲಿ ತುಂಬಿದ್ದು "ವ್ಯಾಪ್ತಿಯ ಹೊರಗೆ" ಎಂಬ ಭಾಗ ಮಾತ್ರ.