ಸಹಿ ನಿಂತುಹೋದ ಟೀಚರಮ್ಮನ ಖಾತೆ: ನನ್ನ ಅನುಭವ

ನಾನು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಒಂದು ದಿನ ಒಬ್ಬರು ಕೌಂಟರಿಗೆ ಬಂದು ವಿತ್‌ಡ್ರಾವಲ್ ಸ್ಲಿಪ್ ಕೊಟ್ಟರು. ಸಹಿ ಇರಬೇಕಾದ ಜಾಗದಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು ಇತ್ತು. ಖಾತೆ ಅವರ ತಾಯಿಯದು, ನಿವೃತ್ತ ಟೀಚರ್, ಪಿಂಚಣಿ ನಮ್ಮಲ್ಲೇ ಬರುತ್ತೆ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಮಾತು ಸರಿಯಾಗಿ ಹೊರಡುತ್ತಿಲ್ಲ. "ಅಮ್ಮನ ಕೈಯಲ್ಲೇ ಒತ್ತಿಸಿಕೊಂಡು ಬಂದಿದ್ದೀನಿ ಸಾರ್, ಔಷಧಿಗೆ ದುಡ್ಡು ಬೇಕು" ಅಂದರು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ಆದರೂ ಸ್ಲಿಪ್ ವಾಪಸ್ ಕೊಟ್ಟೆ.

ಯಾಕೆ ಅಂದ್ರೆ ಹೆಬ್ಬೆಟ್ಟು ಸಹಿಯ ಹಾಗಲ್ಲ. ಸಹಿ ಬಂದರೆ ನಾವು ಕಂಪ್ಯೂಟರಿನಲ್ಲಿರುವ ಮಾದರಿ ಸಹಿಯ ಜೊತೆ ಹೋಲಿಸಿ ನೋಡುತ್ತೇವೆ. ಹೆಬ್ಬೆಟ್ಟಿನ ಗೆರೆ ಹೋಲಿಸಲು ಕೌಂಟರಿನಲ್ಲಿ ಯಾರಿಗೂ ಬರುವುದಿಲ್ಲ, ಅದು ಬೆರಳಚ್ಚು ತಜ್ಞರ ಕೆಲಸ. ನಾವು ನೋಡುವುದು ಮುಖ. ಫೋಟೋದಲ್ಲಿರುವವರೇ ಎದುರಿಗೆ ಕೂತು, ನಮ್ಮ ಕಣ್ಣ ಮುಂದೆ ಒತ್ತಿದರು ಅನ್ನುವುದೇ ಅಲ್ಲಿ ಪುರಾವೆ. ಹೆಬ್ಬೆಟ್ಟು ಖಾತೆಯವರು ಪಾಸ್‌ಬುಕ್ ಹಿಡಿದು ಖುದ್ದಾಗಿ ಬರಬೇಕು ಅನ್ನುವುದು, ಓದು ಬರಹ ಬಾರದವರಿಗೆ ಸಾಮಾನ್ಯವಾಗಿ ಚೆಕ್‌ಬುಕ್ ಕೊಡದೇ ಇರುವುದು, ಎಲ್ಲಾ ಇದಕ್ಕೇ. ಮನೆಯಲ್ಲಿ ಒತ್ತಿಸಿ ತಂದ ಗುರುತು ಯಾರದ್ದು ಬೇಕಾದರೂ ಇರಬಹುದು. ನಿದ್ದೆಯಲ್ಲಿದ್ದವರದ್ದೂ ಇರಬಹುದು.

ಹಾಗಂತ "ನಿಮ್ಮ ತಾಯಿಯನ್ನು ಕರೆದುಕೊಂಡು ಬನ್ನಿ" ಅಂತ ಹೇಳುವುದೂ ತಪ್ಪು. ಹಾಸಿಗೆಯಲ್ಲಿರುವವರನ್ನು ಆಟೋದಲ್ಲಿ ಹಾಕಿಕೊಂಡು ಬ್ಯಾಂಕಿಗೆ ತಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಬಾರದು. ಇಂಥವರಿಗೆ ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಹಣ ತೆಗೆಯುವ ಚೀಟಿಗೆ ಹೆಬ್ಬೆಟ್ಟನ್ನೋ ಕಾಲ್ಬೆರಳ ಗುರುತನ್ನೋ ಒತ್ತಬಹುದು. ಅದೂ ಆಗದಿದ್ದರೆ ಯಾವುದಾದರೂ ಒಂದು ಗುರುತು ಹಾಕಬಹುದು. ಅದನ್ನು ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ ಆಗಿರಬೇಕು. ಅಂದರೆ ಬ್ಯಾಂಕಿನವರೇ ಮನೆಗೆ ಹೋಗಬೇಕು. ಇದಲ್ಲದೆ 70 ದಾಟಿದವರಿಗೂ ಅಂಗವಿಕಲರಿಗೂ ಮನೆ ಬಾಗಿಲಿಗೆ ನಗದು ತಲುಪಿಸುವಂಥ ಸೇವೆ ಕೊಡಿ ಅಂತ 2017ರ ನವೆಂಬರಿನಲ್ಲಿ ಇನ್ನೊಂದು ಸುತ್ತೋಲೆ ಬಂದಿದೆ. ಮನೆಯವರು ಇದನ್ನು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಎಷ್ಟೋ ಕಡೆ ಯಾರೂ ತಾವಾಗಿ ಹೇಳುವುದಿಲ್ಲ.

ಮಗನ ಕೈಲಿ ಒಂದು ಅರ್ಜಿ ಬರೆಸಿಕೊಂಡೆ. ಡಾಕ್ಟರಿಂದ ಎರಡು ಸಾಲು ಬರೆಸಿ ತರಲು ಹೇಳಿದೆ: ಬಲಗೈ ಸ್ವಾಧೀನ ಇಲ್ಲ, ಹೇಳಿದ್ದು ಅರ್ಥವಾಗುತ್ತದೆ. ಎರಡನೇ ಮಾತು ಬಹಳ ಮುಖ್ಯ. ಪ್ರಜ್ಞೆಯೇ ಇಲ್ಲದವರ ಬೆರಳನ್ನು ಪ್ಯಾಡಿಗೆ ಅದ್ದಿ ಒತ್ತಿಸಿದರೆ ಅದು ಹೆಬ್ಬೆಟ್ಟು ಅಲ್ಲ, ಸುಮ್ನೆ ಶಾಯಿ. ಅಂಥ ಸ್ಥಿತಿಯಲ್ಲಿ ಮನೆಯವರು ಕೋರ್ಟಿನಿಂದ ಪಾಲಕತ್ವದ ಆದೇಶ ತರಬೇಕಾಗುತ್ತದೆ. ಅದು ಬೇರೆಯೇ ದಾರಿ.

ಮರುದಿನ ಮಧ್ಯಾಹ್ನ ಹೋದೆ. ಎರಡನೇ ಸಾಕ್ಷಿ ಯಾರು ಅನ್ನುವುದನ್ನು ಮೊದಲೇ ಯೋಚಿಸಿದ್ದೆ. ಮಗ, ಸೊಸೆ ಆಗುವುದಿಲ್ಲ, ಅವರು ಸ್ವತಂತ್ರ ಸಾಕ್ಷಿ ಅಲ್ಲ. ಪಕ್ಕದ ಮನೆಯವರೊಬ್ಬರ ಖಾತೆ ನಮ್ಮಲ್ಲಿ ಎಷ್ಟೋ ವರ್ಷದಿಂದ ಇದೆ, ಅವರನ್ನು ಕರೆದೆ. ಅವರು ಸಹಿ ಹಾಕಿದ ಪಕ್ಕದಲ್ಲಿ ಅವರ ಖಾತೆ ಸಂಖ್ಯೆಯನ್ನೂ ಬರೆಸಿದೆ. ಮುಂದೆ ಯಾರಾದರೂ "ಈ ಸಾಕ್ಷಿ ಯಾರು" ಅಂತ ಕೇಳಿದರೆ ಹುಡುಕಿಕೊಂಡು ಅಲೆಯಬಾರದಲ್ವಾ.

ಹೆಬ್ಬೆಟ್ಟು ಪಡೆಯುವಾಗ ಗಂಡಸರದ್ದಾದರೆ ಎಡಗೈ, ಹೆಂಗಸರದ್ದಾದರೆ ಬಲಗೈ ಅನ್ನುವುದು ಹಳೇ ರೂಢಿ. ಅದಕ್ಕೇ ಮನೆಯವರು ಟೀಚರಮ್ಮನ ಬಲಗೈಯನ್ನು ಎತ್ತಿ, ಮಡಚಿದ್ದ ಬೆರಳುಗಳನ್ನು ಬಿಡಿಸಲು ಶುರು ಮಾಡಿದರು. ನಾನು ಬೇಡ ಅಂದೆ. ಆ ಕೈಯನ್ನು ಇನ್ನೊಬ್ಬರು ಹಿಡಿದು ಒತ್ತಿಸಬೇಕಿತ್ತು. ಎಡಗೈಯನ್ನು ಅವರು ತಾವೇ ಎತ್ತುತ್ತಿದ್ದರು. ತಾವೇ ಒತ್ತಿದ ಗುರುತಿಗೂ ಬೇರೆಯವರು ಒತ್ತಿಸಿದ ಗುರುತಿಗೂ ಇರುವ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ. ಆದರೆ ಸಾಕ್ಷಿ ಹಾಕುವ ನನಗೆ ಗೊತ್ತಿರುತ್ತೆ. ಎಡಗೈಯಲ್ಲಿ ಸಹಿ ಆಗುತ್ತಾ ಅಂತಲೂ ನೋಡಿದೆವು. ಮೂರು ಸಲ ಬರೆದರು, ಮೂರೂ ಬೇರೆ ಬೇರೆ ಬಂದವು. ಅದನ್ನೇ ಮಾದರಿ ಸಹಿ ಅಂತ ಇಟ್ಟುಕೊಂಡರೆ ಮುಂದೆ ಪ್ರತಿ ಸಲವೂ "ಸಹಿ ಹೊಂದುತ್ತಿಲ್ಲ" ಅಂತ ಚೀಟಿ ವಾಪಸ್ ಬರುತ್ತಿತ್ತು. ಹಾಗಾಗಿ ಎಡಗೈ ಹೆಬ್ಬೆಟ್ಟು ಅಂತ ತೀರ್ಮಾನ ಮಾಡಿದೆವು.

ಒತ್ತುವುದರಲ್ಲೂ ಒಂದು ಕ್ರಮ ಇದೆ. ಬೆರಳನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಬೇಕು. ಬೆವರಿದ್ದರೆ ಶಾಯಿ ಹರಡುತ್ತದೆ. ಪ್ಯಾಡಿಗೆ ಹೊಸದಾಗಿ ಶಾಯಿ ಸುರಿದಿದ್ದರೆ ಮೊದಲು ರದ್ದಿ ಕಾಗದದ ಮೇಲೆ ಒಂದೆರಡು ಸಲ ಒತ್ತಿಸಿ ಜಾಸ್ತಿ ಶಾಯಿ ತೆಗೆಯಬೇಕು. ಆಮೇಲೆ ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಗುರವಾಗಿ ಒಂದೇ ಸಲ ಹೊರಳಿಸಬೇಕು. ಜೋರಾಗಿ ಒತ್ತಿದರೆ, ಇಲ್ಲಾ ಅದೇ ಜಾಗದಲ್ಲಿ ಎರಡನೇ ಸಲ ಒತ್ತಿದರೆ, ಬರೀ ಕಪ್ಪು ಮಚ್ಚೆ ಬರುತ್ತದೆ. ಗೆರೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡರೆ ಮಾತ್ರ ಸರಿ. ನಾನು ಶಾಖೆಯ ಭೂತಗನ್ನಡಿ ತಗೊಂಡು ಹೋಗಿದ್ದೆ. ಟೀಚರಮ್ಮನದ್ದು ಮೊದಲೆರಡು ಮಚ್ಚೆಯಾಯಿತು, ಮೂರನೆಯದು ಚೆನ್ನಾಗಿ ಬಂತು. ಕೂಡಲೇ ಅದರ ಪಕ್ಕದಲ್ಲಿ ಪೆನ್ನಿನಲ್ಲಿ "ಇಂಥವರ ಎಡಗೈ ಹೆಬ್ಬೆರಳ ಗುರುತು, ನನ್ನ ಎದುರು ಒತ್ತಿದ್ದು" ಅಂತ ಬರೆದು ತಾರೀಕು ಹಾಕಿದೆ. ಯಾವ ಕೈ ಅಂತ ಬರೆಯದ ಹೆಬ್ಬೆಟ್ಟಿನಿಂದ ಮುಂದೆ ತಕರಾರು ಬಂದರೆ ತಜ್ಞರಿಗೂ ಕಷ್ಟ.

ಇನ್ನೊಂದು ವಿಷಯದಲ್ಲಿ ನಾನು ಯಾವತ್ತೂ ರಾಜಿ ಆಗುವುದಿಲ್ಲ. ಖಾಲಿ ಫಾರಂ ಮೇಲೆ ಹೆಬ್ಬೆಟ್ಟು ಪಡೆಯಬಾರದು. ಮೊದಲು ಮೊತ್ತ ತುಂಬಬೇಕು, ಅಂಕಿಯಲ್ಲೂ ಅಕ್ಷರದಲ್ಲೂ. ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆ ಬೆರಳು. ಅವತ್ತು ಮಗ 25,000 ಅಂದಿದ್ದರು. ನಾನು ಓದಿದಾಗ ಟೀಚರಮ್ಮ ತಲೆ ಅಲ್ಲಾಡಿಸಿದರು. ಇಪ್ಪತ್ತಾ ಅಮ್ಮ ಅಂದೆ, ಮತ್ತೆ ಅಲ್ಲಾಡಿಸಿದರು. ಹದಿನೈದಾ ಅಂದಾಗ ಕಣ್ಣು ಮುಚ್ಚಿ ತೆರೆದು, ಎಡಗೈ ಕೆಳಗಿಟ್ಟರು. 15,000ಕ್ಕೆ ಬೇರೆ ಸ್ಲಿಪ್ ಬರೆದೆ. ಹಣ ಯಾರ ಕೈಗೆ ಕೊಡಬೇಕು ಅಂತಲೂ ಅವರನ್ನೇ ಕೇಳಬೇಕು. ಅವರು ಸೊಸೆಯ ಕಡೆ ಕೈ ತೋರಿಸಿದರು. ಸೊಸೆಯನ್ನೂ ಸಾಕ್ಷಿಗಳು ಗುರುತಿಸಿದರು, ಅವರ ಸಹಿಯನ್ನೂ ತಗೊಂಡೆ.

ಮಗನಿಗೆ ಖಾತೆಯನ್ನು ಜಾಯಿಂಟ್ ಮಾಡಿಸುವ ಆಸೆ ಇತ್ತು. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಅನ್ನುವ ರೀತಿಯದ್ದು. ಎಷ್ಟೋ ಶಾಖೆಗಳಲ್ಲಿ ಇಂಥವರಿಗೆ ಮೊದಲು ಕೊಡುವ ಸಲಹೆಯೇ ಇದು, ಯಾಕೆಂದರೆ ಬ್ಯಾಂಕಿಗೆ ಓಡಾಟ ತಪ್ಪುತ್ತದೆ. ಖಾತೆದಾರರ ಪಾಲಿಗೆ ಅದು ದೊಡ್ಡ ನಿರ್ಧಾರ. ಜಾಯಿಂಟ್ ಆದವರು ಇವತ್ತೇ ಪೂರ್ತಿ ಹಣ ತೆಗೆಯಬಹುದು. ನಾಮಿನಿಗೆ ಹಣ ಹೋಗುವುದು ಖಾತೆದಾರರು ಹೋದ ಮೇಲೆ. ಎಲ್ಲರನ್ನೂ ಐದು ನಿಮಿಷ ಹೊರಗೆ ಕಳಿಸಿ, ಟೀಚರಮ್ಮನಿಗೆ ಎರಡನ್ನೂ ನಿಧಾನವಾಗಿ ವಿವರಿಸಿ ಕೇಳಿದೆ. ಜಾಯಿಂಟ್ ಬೇಡ, ನಾಮಿನಿ ಇರಲಿ, ಮಗನೇ ಇರಲಿ. ಇದು ಅವರು ತಿಳಿಸಿದ್ದು, ಮಾತಿಲ್ಲದೆ, ತಲೆ ಮತ್ತು ಕೈಯಲ್ಲಿ. ನಾಮಿನಿ ಫಾರಂಗೆ ಸಹಿ ಹಾಕಿದರೆ ಸಾಕ್ಷಿ ಬೇಡ, ಹೆಬ್ಬೆಟ್ಟು ಒತ್ತಿದರೆ ಇಬ್ಬರು ಸಾಕ್ಷಿ ಬೇಕು. ಅದನ್ನೂ ಅಲ್ಲೇ ಮುಗಿಸಿದೆವು.

ಶಾಖೆಗೆ ಬಂದು ಹಳೇ ಮಾದರಿ ಸಹಿ ತೆಗೆದು ಹೆಬ್ಬೆಟ್ಟಿನ ಕಾರ್ಡ್ ಸ್ಕ್ಯಾನ್ ಮಾಡಿ ಹಾಕಿದೆ. ಉಳಿದಿದ್ದ ಚೆಕ್ ಹಾಳೆಗಳನ್ನು ವಾಪಸ್ ಪಡೆದು ರದ್ದು ಮಾಡಿದೆ. ಇದನ್ನು ಮರೆತರೆ ಹಳೇ ಸಹಿ ಇರುವ ಹಾಳೆ ಎಲ್ಲಿಂದಲೋ ಬಂದು ತಲೆನೋವು ಮಾಡುತ್ತದೆ.

ಮೂರನೇ ತಿಂಗಳು ಒಂದು ಎಡವಟ್ಟಾಯಿತು. ನಾನು ರಜೆಯಲ್ಲಿದ್ದೆ. ಹೊಸದಾಗಿ ಬಂದ ಸಹೋದ್ಯೋಗಿ ಸ್ಕ್ರೀನಿನಲ್ಲಿ ಹೆಬ್ಬೆಟ್ಟು ನೋಡಿ, ಇವರು ಓದು ಬಾರದವರು, ಖುದ್ದಾಗಿ ಬರಲೇಬೇಕು ಅಂದುಕೊಂಡು ಮಗನನ್ನು ವಾಪಸ್ ಕಳಿಸಿದ್ದರು. ತಪ್ಪು ನನ್ನದು. ಖಾತೆಯ ಟಿಪ್ಪಣಿಯಲ್ಲಿ ನಾನು ಬರೀ "ಹೆಬ್ಬೆಟ್ಟು" ಅಂತ ಬರೆದಿದ್ದೆ. ಈಗ ಪೂರ್ತಿ ಬರೆದಿದ್ದೇನೆ: ಓದು ಬರುತ್ತದೆ, ಎಡಗೈ, ಮನೆಗೆ ಹೋಗಿ ಪಡೆಯಬೇಕು, ಹೇಳಿದ್ದು ಅರ್ಥವಾಗುತ್ತದೆ, ಮಾತಿಲ್ಲ.

ಇದೇ ಗೊಂದಲ ಕಣ್ಣು ಕಾಣದವರ ವಿಷಯದಲ್ಲಿ ಇನ್ನೂ ಜಾಸ್ತಿ. ಕಾಣದವರು ಅಂದರೆ ಸಹಿ ಬಾರದವರು ಅಂತ ತಿಳಿದು ಪ್ಯಾಡ್ ಮುಂದಿಡುತ್ತಾರೆ. ಚೆಕ್‌ಬುಕ್, ಎಟಿಎಂ ಕಾರ್ಡ್, ನೆಟ್ ಬ್ಯಾಂಕಿಂಗ್, ಲಾಕರ್ ಇವನ್ನೆಲ್ಲ ಅವರಿಗೆ ಭೇದ ಮಾಡದೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ, ಒಪ್ಪಂದ ಮಾಡಿಕೊಳ್ಳಲು ಕಾನೂನಿನಲ್ಲಿ ಅವರಿಗೆ ಏನೂ ಅಡ್ಡಿಯಿಲ್ಲ. ನಮ್ಮಲ್ಲಿ ಒಬ್ಬರು ಚೆನ್ನಾಗಿ ಸಹಿ ಹಾಕುತ್ತಾರೆ, ಎಲ್ಲಿ ಹಾಕಬೇಕು ಅನ್ನುವುದಷ್ಟೇ ಅವರ ತೊಂದರೆ. ಹಳೇ ಎಟಿಎಂ ಕಾರ್ಡಿನ ನಡುವೆ ಸಹಿ ಹಿಡಿಯುವಷ್ಟು ಉದ್ದದ ಕಿಂಡಿ ಕೊರೆದು ಕೊಟ್ಟೆ. ಫಾರಂ ಪೂರ್ತಿ ಓದಿ ಹೇಳಿ, ಕಾರ್ಡನ್ನು ಜಾಗಕ್ಕೆ ಸರಿಯಾಗಿ ಇಟ್ಟು, ಅವರ ಬೆರಳನ್ನು ಕಿಂಡಿಯ ಅಂಚಿಗೆ ತಾಗಿಸಿದರೆ ಸಾಕು, ನೆಟ್ಟಗೆ ಬರುತ್ತದೆ.

ಆ ಕಿಂಡಿಯ ಕಾರ್ಡನ್ನೇ ಹೋದ ತಿಂಗಳು ಟೀಚರಮ್ಮನಿಗೂ ಒಂದು ಮಾಡಿಕೊಟ್ಟೆ. ಅವರು ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ದಿನಾ ಎಡಗೈಯಲ್ಲಿ ಹೆಸರು ಬರೆದು ಅಭ್ಯಾಸ ಮಾಡುತ್ತಿದ್ದಾರೆ. ಪುಟ ತಿರುವಿ ನೋಡಿದೆ, ಕೊನೆಯ ವಾರದ ಸಹಿಗಳು ಹೆಚ್ಚು ಕಮ್ಮಿ ಒಂದೇ ಥರ ಇವೆ. ಇನ್ನೊಂದು ತಿಂಗಳು ಹೀಗೇ ನಿಂತರೆ ಹೊಸ ಮಾದರಿ ಸಹಿ ಕಾರ್ಡ್ ತಗೊಂಡು ಹೋಗುತ್ತೇನೆ ಅಂತ ಅವರಿಗೆ ಹೇಳಿ ಬಂದಿದ್ದೇನೆ.