ಪ್ರೋಗ್ರಾಂ ಹೇಳಿದ ಕೆಲಸ ಮಾಡುತ್ತಾ? ಓಡಿಸದೆಯೇ ನೋಡುವುದು ಹೇಗೆ

ಫಂಕ್ಷನ್ ಶುರುವಾಗುವ ಮುಂಚೆ ನಿಜ ಇರಬೇಕಾದ ಷರತ್ತು ಪ್ರೀಕಂಡಿಷನ್, ಮುಗಿದ ಮೇಲೆ ನಿಜ ಇರಬೇಕಾದದ್ದು ಪೋಸ್ಟ್‌ಕಂಡಿಷನ್. ಇವೆರಡನ್ನೂ ಬರೆದುಕೊಂಡು ಬನ್ನಿ ಅಂದರೆ ಹೆಚ್ಚಿನವರು ಮೊದಲು ಕೋಡ್ ಓದುತ್ತಾರೆ, ಅದು ಏನು ಮಾಡುತ್ತಿದೆಯೋ ಅದನ್ನೇ ಷರತ್ತು ಅಂತ ಬರೆದು ತರುತ್ತಾರೆ. ಆರೋಪಿಯ ಕೈಯಲ್ಲೇ ತೀರ್ಪು ಬರೆಸಿದ ಹಾಗೆ ಇದು. ಹೀಗೆ ಮಾಡಿದರೆ ಯಾವ ತಪ್ಪೂ ಸಿಗುವುದಿಲ್ಲ. ಆದ್ದರಿಂದ ಕೋಡ್ ಮುಚ್ಚಿಟ್ಟು ಶುರು ಮಾಡಿ.

ಉದಾಹರಣೆಗೆ ಒಂದು ಚಿಕ್ಕ ಫಂಕ್ಷನ್. ಲಿಸ್ಟ್‌ನಲ್ಲಿರುವ ಅತಿ ದೊಡ್ಡ ಸಂಖ್ಯೆ ಕೊಡುತ್ತೇನೆ ಅನ್ನುವುದು ಇದರ ಹೇಳಿಕೆ.

```
def largest(a):
    m = 0
    i = 0
    while i < len(a):
        if a[i] > m:
            m = a[i]
        i = i + 1
    return m
```

ತಪ್ಪು ಕಣ್ಣಿಗೆ ಬಿದ್ದಿದ್ದರೂ ಸ್ವಲ್ಪ ಸುಮ್ನಿರಿ. ನಾನು ಬರೆದಿದ್ದ ಇಂಥದ್ದೇ ಕೋಡ್ ತಿಂಗಳುಗಟ್ಟಲೆ ಸರಿಯಾಗಿ ಓಡಿತ್ತು. ಬರುತ್ತಿದ್ದ ಸಂಖ್ಯೆಗಳೆಲ್ಲ ಪಾಸಿಟಿವ್ ಆಗಿದ್ದವು, ಅಷ್ಟೇ ಕಾರಣ.

ಹೆಜ್ಜೆ 1: ಪೋಸ್ಟ್‌ಕಂಡಿಷನ್ ಮೊದಲು

ಮುಗಿದ ಮೇಲೆ ಏನು ನಿಜ ಆಗಿರಬೇಕು? ಎಲ್ಲರೂ ಥಟ್ಟನೆ ಹೇಳುವುದು: `m` ಲಿಸ್ಟ್‌ನ ಯಾವ ಸಂಖ್ಯೆಗಿಂತಲೂ ಚಿಕ್ಕದಲ್ಲ. ಸರಿ, ಹಾಗಾದರೆ `[-5, -3]` ಕೊಟ್ಟು ನೋಡಿ. ಮೇಲಿನ ಕೋಡ್ 0 ಕೊಡುತ್ತದೆ. 0 ಆ ಎರಡಕ್ಕಿಂತಲೂ ದೊಡ್ಡದೇ ಅಲ್ವಾ? ಷರತ್ತು ಪಾಸ್, ಉತ್ತರ ಮಾತ್ರ ತಪ್ಪು. ಬಿಟ್ಟುಹೋದ ಅರ್ಧ ಇದು: `m` ಆ ಲಿಸ್ಟ್‌ನಲ್ಲೇ ಇರಬೇಕು. ಎರಡೂ ಸೇರಿದರೆ ಮಾತ್ರ "ಅತಿ ದೊಡ್ಡದು" ಅನ್ನುವ ಮಾತಿಗೆ ಅರ್ಥ.

ನಾನು ಯಾವಾಗಲೂ ಒಬ್ಬ ಸೋಮಾರಿ, ಕುತಂತ್ರಿ ಪ್ರೋಗ್ರಾಮರ್‌ನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಷರತ್ತು ಬರೆಯುತ್ತೇನೆ. ನನ್ನ ಷರತ್ತಿಗೆ ಮೋಸ ಮಾಡದೆ ಅವನು ಏನೆಲ್ಲ ಕಿತಾಪತಿ ಮಾಡಬಹುದು ಅಂತ ನೋಡುವುದು. ಇಲ್ಲಿ ಅವನಿಗೆ ಇನ್ನೂ ಒಂದು ಕಿಂಡಿ ಇದೆ: ಲಿಸ್ಟ್‌ನ ಎಲ್ಲ ಸಂಖ್ಯೆಗಳನ್ನೂ ಅಳಿಸಿ 0 ತುಂಬಿ, 0 ವಾಪಸ್ ಕೊಡುವುದು. ಎರಡೂ ಷರತ್ತು ಪಾಸ್! ಅದಕ್ಕೇ ಮೂರನೆಯದು: ಲಿಸ್ಟ್ ಬಂದ ಹಾಗೆಯೇ ಇರಬೇಕು. ಇದನ್ನು ಬರೆಯಲು ಮರೆಯುವವರೇ ಜಾಸ್ತಿ.

ಹೆಜ್ಜೆ 2: ಪ್ರೀಕಂಡಿಷನ್

ಖಾಲಿ ಲಿಸ್ಟ್‌ನಲ್ಲಿ ಇರುವ ಸಂಖ್ಯೆಯನ್ನು ಯಾರೂ ಕೊಡಲಾರರು, ಹಾಗಾಗಿ ಉದ್ದ `n` ಕನಿಷ್ಠ 1 ಇರಬೇಕು. ಮುಗಿಯಿತು.

ಒಂದು ಅಡ್ಡದಾರಿ ಇದೆ, ಬಹಳ ಜನ ಹಿಡಿಯುತ್ತಾರೆ. "ಯಾವ ಸಂಖ್ಯೆಯೂ 0ಗಿಂತ ಚಿಕ್ಕದಿರಬಾರದು" ಅಂತ ಪ್ರೀಕಂಡಿಷನ್‌ಗೆ ಸೇರಿಸಿಬಿಟ್ಟರೆ ಮೇಲಿನ ಕೋಡ್ ಸರಿಯೇ ಆಗುತ್ತದೆ. ಆದರೆ ಪ್ರೀಕಂಡಿಷನ್ ಅಂದರೆ ಫಂಕ್ಷನ್ ಕರೆಯುವವರ ಹೊಣೆ. ನಿಮ್ಮ ತಪ್ಪನ್ನು ಅವರ ತಲೆಗೆ ಕಟ್ಟಿದಂತಾಯಿತು. ಬೇಡ, ಕೋಡ್ ತಿದ್ದಿ:

```
    m = a[0]
    i = 1
```

ಉಳಿದದ್ದು ಹಾಗೇ ಇರಲಿ.

ಹೆಜ್ಜೆ 3: ಲೂಪ್

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಲೂಪ್ ಎಷ್ಟು ಸಲ ಸುತ್ತುತ್ತದೆ ಅಂತ ಮೊದಲೇ ಗೊತ್ತಿಲ್ಲ, ಒಂದೊಂದು ಸುತ್ತನ್ನೂ ಬಿಡಿಸಿ ನೋಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಪ್ರತಿ ಸುತ್ತಿನ ಆರಂಭದಲ್ಲೂ ನಿಜ ಆಗಿರುವ ಒಂದು ಮಾತು ಬೇಕು. ಇದೇ ಇನ್ವೇರಿಯಂಟ್. ಇದನ್ನು ಹುಡುಕಲು ನನ್ನ ದಾರಿ ಸುಲಭದ್ದು: ಪೋಸ್ಟ್‌ಕಂಡಿಷನ್‌ನಲ್ಲಿ "ಇಡೀ ಲಿಸ್ಟ್" ಅಂತ ಇರುವಲ್ಲಿ "ಮೊದಲ `i` ಸಂಖ್ಯೆಗಳು" ಅಂತ ಹಾಕುವುದು. ಆಗ ಸಿಗುವುದು ಹೀಗೆ: ಮೊದಲ `i` ಸಂಖ್ಯೆಗಳಲ್ಲಿ ಯಾವುದೂ `m`ಗಿಂತ ದೊಡ್ಡದಲ್ಲ, `m` ಆ ಮೊದಲ `i` ಸಂಖ್ಯೆಗಳಲ್ಲಿ ಒಂದು, ಜೊತೆಗೆ `1 ≤ i ≤ n`. (ಲಿಸ್ಟ್‌ಗೆ ಕೋಡ್ ಏನನ್ನೂ ಬರೆಯುತ್ತಿಲ್ಲ, ಹಾಗಾಗಿ ಮೂರನೆಯ ಷರತ್ತಿನ ಚಿಂತೆ ಇಲ್ಲ.)

ಈಗ ಮೂರು ಪ್ರಶ್ನೆ ಕೇಳಬೇಕು.

ಲೂಪ್‌ಗೆ ಕಾಲಿಡುವಾಗ ನಿಜವೇ? `i` 1, `m` ಮೊದಲ ಸಂಖ್ಯೆಯೇ, ಆದ್ದರಿಂದ ಹೌದು. `i ≤ n` ಅನ್ನಲು `n` ಕನಿಷ್ಠ 1 ಇರಬೇಕು, ನಮ್ಮ ಪ್ರೀಕಂಡಿಷನ್ ಕೆಲಸಕ್ಕೆ ಬಂದ ಜಾಗ ಇದು. ಎಲ್ಲೂ ಕೆಲಸಕ್ಕೆ ಬಾರದ ಪ್ರೀಕಂಡಿಷನ್ ಇದ್ದರೆ ಅನುಮಾನ ಪಡಿ. ಇದೇ ಪ್ರಶ್ನೆಯನ್ನು ಹಳೆಯ ಕೋಡ್‌ಗೆ ಕೇಳಿ ನೋಡಿ: `m` 0, `i` 0, "ಮೊದಲ ಸೊನ್ನೆ ಸಂಖ್ಯೆಗಳಲ್ಲಿ `m` ಒಂದು" ಅನ್ನುವುದು ಸುಳ್ಳು. ತಪ್ಪು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಿತು.

ಒಂದು ಸುತ್ತು ಮುಗಿದ ಮೇಲೂ ನಿಜವೇ? ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು, ಮೇಲಿನಿಂದ ಕೆಳಕ್ಕಲ್ಲ. ಮೊದಲು ಇದಕ್ಕಿಂತ ಸಣ್ಣದೊಂದು ಉದಾಹರಣೆ. `x = x + 3` ಆದ ಮೇಲೆ `x > 10` ಇರಬೇಕು, ಮುಂಚೆ ಏನಿರಬೇಕು? ಗಡಿಬಿಡಿಯಲ್ಲಿ 13 ಅನ್ನುತ್ತಾರೆ. `x` ಇರುವಲ್ಲಿ `x + 3` ಹಾಕಿ: `x + 3 > 10`, ಅಂದರೆ `x > 7`. ಬೇಕಾದ ಷರತ್ತಿನೊಳಗೆ ಬಲಗಡೆಯದನ್ನು ಹಾಕುವುದು, ಅಷ್ಟೇ ನಿಯಮ. 1969ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ತಮ್ಮ ಪ್ರಬಂಧದಲ್ಲಿ ಕೊಟ್ಟ ನಿಯಮ ಇದೇ.

ನಮ್ಮ ಸುತ್ತಿನ ಕೊನೆಯ ಸಾಲು `i = i + 1`. ಹಾಗಾಗಿ ಅದಕ್ಕೆ ಮುಂಚೆ ಇನ್ವೇರಿಯಂಟ್ `i + 1`ಕ್ಕೆ ನಿಜ ಇರಬೇಕು, ಅಂದರೆ `a[i]` ಕೂಡ ಲೆಕ್ಕಕ್ಕೆ ಬಂದಿರಬೇಕು. ಅದರ ಮೇಲಿನ `if` ಅನ್ನು ಎರಡು ದಾರಿಯಾಗಿ ನೋಡಿ. `a[i]` ದೊಡ್ಡದಿದ್ದರೆ `m` ಅದೇ ಆಗುತ್ತದೆ. ಹಳೆಯ `m` ಹಿಂದಿನ ಯಾವುದಕ್ಕೂ ಕಡಿಮೆ ಇರಲಿಲ್ಲ, ಇದು ಅದಕ್ಕಿಂತಲೂ ದೊಡ್ಡದು, ಲಿಸ್ಟ್‌ನಲ್ಲೂ ಇದೆ. ದೊಡ್ಡದಲ್ಲದಿದ್ದರೆ `m` ಬದಲಾಗಲಿಲ್ಲ, ಹೊಸ ಸಂಖ್ಯೆ ಅದನ್ನು ಮೀರಲೂ ಇಲ್ಲ. ಜನ ಮರೆತುಬಿಡುವುದು ಈ ಎರಡನೆಯ ದಾರಿಯನ್ನೇ, `else` ಬರೆದಿಲ್ಲವಲ್ಲ ಅಂತ. ಇನ್ನು ಸುತ್ತಿನೊಳಗೆ ಬಂದಿದ್ದೇ `i < n` ಇದ್ದದ್ದಕ್ಕೆ, ಆದ್ದರಿಂದ `i + 1 ≤ n` ಕೂಡ ಸರಿ.

ಲೂಪ್ ಮುಗಿದಾಗ ಪೋಸ್ಟ್‌ಕಂಡಿಷನ್ ಸಿಗುತ್ತದೆಯೇ? ಹೊರಗೆ ಬಂದಾಗ ಗೊತ್ತಿರುವುದು `i < n` ಸುಳ್ಳು ಅಂತ, ಅಂದರೆ `i ≥ n`. ಇನ್ವೇರಿಯಂಟ್‌ನ `i ≤ n` ಜೊತೆಗಿಟ್ಟರೆ `i` ಸರಿಯಾಗಿ `n`. ಆಗ "ಮೊದಲ `i`" ಅಂದರೆ ಇಡೀ ಲಿಸ್ಟ್. `i ≤ n` ಅನ್ನುವುದನ್ನು "ಅದು ಗೊತ್ತಿರೋದೇ" ಅಂತ ಬಿಟ್ಟವರು ಇಲ್ಲಿಗೆ ಬಂದು ಒದ್ದಾಡುತ್ತಾರೆ. ಅದನ್ನು ಬರೆದೇ ಇಡಿ.

ಅಸರ್ಟ್ ಬಗ್ಗೆ ಒಂದು ಮಾತು

ಷರತ್ತುಗಳನ್ನು ಕೋಡ್‌ನೊಳಗೇ ಹಾಕಬಹುದು:

```
assert len(a) >= 1
assert m in a and all(m >= x for x in a)
```

ಮೊದಲ ಸಾಲು ಫಂಕ್ಷನ್‌ನ ಶುರುವಿನಲ್ಲಿ, ಎರಡನೆಯದು `return`ಗೆ ಮುಂಚೆ. ಪರೀಕ್ಷೆ ಮಾಡುವಾಗ ಒಳ್ಳೆಯದು. ಆದರೆ ಪೈಥಾನ್‌ನಲ್ಲಿ `-O` ಹಾಕಿ ಓಡಿಸಿದರೆ `assert` ಸಾಲುಗಳು ಕೆಲಸವೇ ಮಾಡುವುದಿಲ್ಲ. ಹೊರಗಿನಿಂದ ಬರುವ ಡೇಟಾ ಕಾಯಲು ಇದನ್ನು ನಂಬಬೇಡಿ, ಅಲ್ಲಿ `if` ಹಾಕಿ `raise` ಮಾಡಿ. ಇನ್ನೊಂದು ವಿಷಯ, `assert` ನೋಡುವುದು ನೀವು ಕೊಟ್ಟ ಲಿಸ್ಟ್ ಮಾತ್ರ. ಮೇಲೆ ಮಾಡಿದ ಲೆಕ್ಕ ಎಲ್ಲ ಲಿಸ್ಟ್‌ಗಳಿಗೂ ಸೇರಿದ್ದು.

ಹೆಜ್ಜೆ 4: ಮುಗಿಯುತ್ತದೆಯೇ?

ಇಷ್ಟೆಲ್ಲ ಮಾಡಿದರೂ ಆ ಕುತಂತ್ರಿಗೆ ಕೊನೆಯ ಕಿಂಡಿ ಒಂದಿದೆ. ಲೂಪ್‌ನೊಳಗೆ ಇರುವುದನ್ನೆಲ್ಲ ತೆಗೆದು ಬರೀ `pass` ಇಡುತ್ತಾನೆ. ಏನೂ ಬದಲಾಗುವುದಿಲ್ಲ, ಆದ್ದರಿಂದ ಇನ್ವೇರಿಯಂಟ್ ನಿಜವಾಗೇ ಉಳಿಯುತ್ತದೆ. ಮೂರೂ ಪ್ರಶ್ನೆ ಪಾಸ್. ಯಾಕೆಂದರೆ ನಾವು ತೋರಿಸಿದ್ದು "ಮುಗಿದರೆ ಉತ್ತರ ಸರಿ" ಅಂತ ಮಾತ್ರ, ಮುಗಿದೇ ಮುಗಿಯುತ್ತದೆ ಅಂತಲ್ಲ. ಅದಕ್ಕೆ ಪ್ರತಿ ಸುತ್ತಿನಲ್ಲೂ ಇಳಿಯುವ, ಆದರೆ 0ಗಿಂತ ಕೆಳಗೆ ಹೋಗಲಾರದ ಒಂದು ಪೂರ್ಣಾಂಕ ತೋರಿಸಬೇಕು. ನಮ್ಮ ಕೋಡ್‌ನಲ್ಲಿ ಅದು `n - i`: ಪ್ರತಿ ಸುತ್ತಿಗೂ ಒಂದು ಕಡಿಮೆ ಆಗುತ್ತದೆ, `i ≤ n` ಇರುವ ತನಕ 0ಗಿಂತ ಕೆಳಗಿಳಿಯಲಾರದು. `pass` ಇಟ್ಟ ಲೂಪ್‌ನಲ್ಲಿ `n - i` ಇದ್ದಲ್ಲೇ ಇರುತ್ತದೆ, ಕುತಂತ್ರಿ ಸಿಕ್ಕಿಬೀಳುತ್ತಾನೆ.