ರೋಟರ್ ಹೊಡೆಯುವ ಟ್ರ್ಯಾಕ್ಟರ್‌ನ ಫೋಟೊ: ಧೂಳು ಎಲ್ಲಿಂದ ಏಳಬೇಕು, ಶಾಫ್ಟು ಹೇಗೆ ಕಾಣಬೇಕು

ಹುಬ್ಬಳ್ಳಿ, ಗದಗ ಕಡೆ ಟ್ರ್ಯಾಕ್ಟರ್ ಮತ್ತು ಕೃಷಿ ಉಪಕರಣ ಮಾರುವವರಿಗೆ ನಾನು ಜಾಹೀರಾತಿನ ಫೋಟೊ ತೆಗೆದುಕೊಡುತ್ತೇನೆ. ಹೆಚ್ಚಾಗಿ ರಸ್ತೆ ಬದಿಯ ಹೋರ್ಡಿಂಗ್, ಅಂಗಡಿ ಮುಂದಿನ ಫ್ಲೆಕ್ಸ್, ವರ್ಷದ ಕ್ಯಾಲೆಂಡರ್. ಇವನ್ನು ನೋಡುವವರು ರೈತರು ಮತ್ತು ಡ್ರೈವರ್‌ಗಳು. ಅವರ ಕಣ್ಣು ಬಾನೆಟ್ ಹೊಳಪಿನ ಮೇಲೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸೀದಾ ಹಿಂದಿನ ಗಾಲಿ ದಾಟಿ, ಉಪಕರಣ ಎಲ್ಲಿ ಜೋಡಿಸಿದೆಯೋ ಅಲ್ಲಿಗೆ ಹೋಗುತ್ತದೆ.

ಒಬ್ಬ ಡೀಲರ್ ತಮ್ಮ ಹಳೆಯ ಫ್ಲೆಕ್ಸ್ ತೋರಿಸಿದ್ದರು. ಟ್ರ್ಯಾಕ್ಟರ್ ಫೋಟೊ ಒಂದು ಕಡೆಯದು, ಬ್ಲೇಡು ತಿರುಗಿಸಿ ಮಣ್ಣು ಪುಡಿ ಮಾಡುವ ರೋಟಾವೇಟರ್‌ನ ಫೋಟೊ ಇನ್ನೊಂದು ಕಡೆಯದು. ಕಂಪ್ಯೂಟರ್‌ನಲ್ಲಿ ಎರಡನ್ನೂ ಕೂಡಿಸಿದ್ದರು. ನಡುವೆ ಪಿಟಿಒ ಶಾಫ್ಟ್, ಅಂದರೆ ಟ್ರ್ಯಾಕ್ಟರ್ ಎಂಜಿನ್ನಿನ ಬಲದಿಂದ ರೋಟಾವೇಟರ್ ತಿರುಗಿಸುವ ದಂಡ, ಇರಲೇ ಇಲ್ಲ. ಅಂಗಡಿಗೆ ಬಂದಿದ್ದ ಹಿರಿಯರೊಬ್ಬರು ಅದನ್ನೇ ನೋಡಿ, "ಸಾವಕಾರ್ರ, ಇದು ಎದರ ಮ್ಯಾಲೆ ತಿರಗತೈತ್ರಿ?" ಎಂದು ಕೇಳಿದ್ದರಂತೆ. ಆಮೇಲೆ ಆ ಡೀಲರ್ ನನ್ನನ್ನು ಕರೆದರು. 45 ಎಚ್‌ಪಿ ಟ್ರ್ಯಾಕ್ಟರ್, ಆರು ಅಡಿಯ ರೋಟಾವೇಟರ್. ನಮ್ಮ ಕಡೆ ಎಲ್ಲರೂ ಅದನ್ನು ರೋಟರ್ ಎನ್ನುತ್ತಾರೆ. ನಿಜವಾದ ಹೊಲದಲ್ಲಿ ನಿಜವಾಗಿ ಕೆಲಸ ಮಾಡುತ್ತಿರಬೇಕು, ಧೂಳು ಕಾಣಬೇಕು ಎಂಬುದು ಅವರ ಬೇಡಿಕೆ. ಆ ಫೋಟೊ ತೆಗೆದ ಬಗೆಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಹೊಲ. ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲದಲ್ಲಿ ಕಡಲೆ ಕಿತ್ತ ಮೇಲೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಆಗ ಅಲ್ಲಿ ರೋಟರ್ ಹೊಡೆಯುವಂತೆ ತೋರಿಸಿದರೆ ಯಾರೂ ನಂಬುವುದಿಲ್ಲ. ಗಟ್ಟಿ ಎರೆಯಲ್ಲಿ ಬ್ಲೇಡು ಇಳಿಯುವುದು ಕಷ್ಟ, ಮಷೀನು ಮೇಲೆಯೇ ಕುಣಿಯುತ್ತದೆ. ಅಲ್ಲಿ ಮೊದಲು ಪಲ್ಟಿ ನೇಗಿಲು ಹಾಕುತ್ತಾರೆ. ದೊಡ್ಡ ದೊಡ್ಡ ಹೆಂಟೆ ಏಳುತ್ತವೆ, ಬಿಸಿಲಿಗೆ ಕಾಯುತ್ತವೆ. ಒಂದೆರಡು ಅಡ್ಡಮಳೆ ಬಿದ್ದು ಹೆಂಟೆ ಸಡಿಲವಾದ ಮೇಲೆ ಕಲ್ಟಿವೇಟರೋ ರೋಟರೋ ಬರುತ್ತದೆ. ಹಾಗಾಗಿ ರೋಟರ್ ಫೋಟೊಗೆ ನನಗೆ ಬೇಕಾಗಿದ್ದು ಒಮ್ಮೆ ಉಳುಮೆಯಾದ, ಮಳೆ ಕಂಡ, ಮೇಲ್ಪದರ ಮತ್ತೆ ಒಣಗಿದ ಹೊಲ. ಮೇ ಕೊನೆಯಲ್ಲಿ ಅಂಥದ್ದು ಸಿಗುತ್ತದೆ.

ಧೂಳು ಏಳುತ್ತದೋ ಇಲ್ಲವೋ ಎಂದು ಕೈಯಿಂದಲೇ ತಿಳಿಯಬಹುದು. ನಾಲ್ಕು ಬೆರಳು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡಿ. ಉಂಡೆ ಹಾಗೇ ನಿಂತರೆ ಇನ್ನೂ ಹಸಿ ಇದೆ. ಧೂಳು ಬರುವುದಿಲ್ಲ, ಗಾಲಿಗೆ ಮಣ್ಣು ಮೆತ್ತುತ್ತದೆ. ಬೆರಳು ಬಿಡುತ್ತಿದ್ದಂತೆ ಉದುರಿದರೆ ಸರಿ. ಎರೆಯ ಧೂಳು ಬೂದಿ ಮಿಶ್ರಿತ ಕಂದು. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿಯಲ್ಲಾದರೆ ಕೆಂಪು. ಕಪ್ಪು ನೆಲದ ಮೇಲೆ ಕೆಂಪು ಧೂಳು ಅಂಟಿಸಿದ ಜಾಹೀರಾತು ನೋಡಿದ್ದೇನೆ. ಈ ಭಾಗದ ರೈತರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇನ್ನು ಜೋಡಣೆ. ಡ್ರೈವರ್ ಜೋಡಿಸುವಾಗಲೇ ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಉಪಕರಣ ಹಿಡಿದುಕೊಳ್ಳಲು ಟ್ರ್ಯಾಕ್ಟರ್ ಹಿಂದೆ ಲಿಂಕ್ ಎನ್ನುವ ಮೂರು ತೋಳು ಇರುತ್ತವೆ, ಕೆಳಗೆ ಎರಡು, ಮೇಲೆ ಒಂದು. ಎಡಗಡೆಯ ಕೆಳಲಿಂಕ್ ಮೊದಲು, ಆಮೇಲೆ ಬಲಗಡೆಯದು, ಆಮೇಲೆ ಟಾಪ್ ಲಿಂಕ್, ಕೊನೆಗೆ ಪಿಟಿಒ ಶಾಫ್ಟ್. ಬಲಗಡೆಯ ಲಿಫ್ಟ್ ರಾಡ್ ತಿರುಗಿಸಿ ಉದ್ದ ಹೆಚ್ಚುಕಡಿಮೆ ಮಾಡಬಹುದು, ಅದಕ್ಕೇ ಎಡಗಡೆಯದನ್ನು ಮೊದಲು ಸಿಕ್ಕಿಸುವುದು. ಮೂರೂ ಪಿನ್ನುಗಳಿಗೆ ರಿಂಗ್ ಇರುವ ಕ್ಲಿಪ್ ಬೀಳಬೇಕು. ಹೊಲದಲ್ಲಿ ಕ್ಲಿಪ್ ಕಳೆದರೆ ತಂತಿ ಸುತ್ತಿ ಕೆಲಸ ಮುಗಿಸುವುದುಂಟು. ಮಾರಾಟದ ಫೋಟೊದಲ್ಲಿ ಆ ತಂತಿ ಬಂದರೆ, ಹೊಸ ಮಷೀನು ಹೀಗೇ ಕೊಡುತ್ತಾರಾ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನನ್ನ ಬ್ಯಾಗಿನಲ್ಲಿ ಕ್ಲಿಪ್‌ಗಳು ಯಾವಾಗಲೂ ಇರುತ್ತವೆ.

ಕೆಳಲಿಂಕ್‌ಗಳ ಪಕ್ಕದ ಚೈನುಗಳನ್ನೂ ಗಮನಿಸಬೇಕು. ರೋಟರ್‌ಗೆ ಅವು ಬಿಗಿಯಾಗಿರಬೇಕು, ಮಷೀನು ಅತ್ತಿತ್ತ ತೂಗಾಡಬಾರದು. ನೇಗಿಲಿಗಾದರೆ ಸ್ವಲ್ಪ ಸಡಿಲ ಬಿಡುತ್ತಾರೆ. ಜೋತುಬಿದ್ದ ಚೈನಿನ ಜೊತೆ ರೋಟರ್ ಓಡುವ ಫೋಟೊ ಕಂಡರೆ, ತಿಳಿದವರು ಇದು ನಿಲ್ಲಿಸಿ ತೆಗೆದದ್ದು ಎನ್ನುತ್ತಾರೆ.

ಶಾಫ್ಟ್ ವಿಷಯ ಸ್ವಲ್ಪ ದೊಡ್ಡದು. ರೋಟರ್ ನೆಲದಲ್ಲಿ ಇಳಿದಿರುವಾಗ ಶಾಫ್ಟ್ ಹೆಚ್ಚುಕಡಿಮೆ ಮಟ್ಟವಾಗಿರುತ್ತದೆ. ಟಾಪ್ ಲಿಂಕ್ ಸರಿಮಾಡಿ, ರೋಟರಿನ ಗೇರ್ ಬಾಕ್ಸ್ ಮುಂದಕ್ಕೂ ಹಿಂದಕ್ಕೂ ವಾಲದಂತೆ ಇಟ್ಟಿರಬೇಕು. ಮಷೀನನ್ನು ಮೇಲೆತ್ತಿ, ಶಾಫ್ಟ್ ಗೂನು ಬೆನ್ನಿನ ಹಾಗೆ ಬಾಗಿರುವಾಗ ಹಿಂದೆ ಧೂಳು ಏಳುತ್ತಿದ್ದರೆ ಅದು ಸುಳ್ಳು ಚಿತ್ರ. ಆ ಕೋನದಲ್ಲಿ ತಿರುಗಿಸಿದರೆ ಜಾಯಿಂಟ್ ಕಟಕಟ ಬಡಿಯುತ್ತದೆ, ಬೇಗ ಹಾಳಾಗುತ್ತದೆ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇರುತ್ತದೆ. ಸಣ್ಣ ಚೈನಿನಿಂದ ಅದನ್ನು ಕಟ್ಟಿರುತ್ತಾರೆ. ಒಳಗೆ ಶಾಫ್ಟ್ ತಿರುಗಿದರೂ ಕವಚ ತಿರುಗುವುದಿಲ್ಲ. ನಮ್ಮ ಹೊಲಗಳಲ್ಲಿ ಆ ಕವಚ ಒಡೆದುಹೋದ ಶಾಫ್ಟ್‌ಗಳೇ ಜಾಸ್ತಿ. ಆದರೂ ನಾನು ಕವಚವಿಲ್ಲದೆ ಫೋಟೊ ತೆಗೆಯುವುದಿಲ್ಲ. ಪಂಚೆಯ ಚುಂಗು, ಸೀರೆಯ ಸೆರಗು ಆ ಶಾಫ್ಟಿಗೆ ಸಿಕ್ಕರೆ ಎಳೆದುಕೊಂಡುಬಿಡುತ್ತದೆ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸುವುದಿಲ್ಲ. ನಾವು ಜಾಹೀರಾತಿನಲ್ಲಿ ತೋರಿಸಿದ್ದೇ ಸರಿ ಎಂದು ಹುಡುಗರು ತಿಳಿಯುತ್ತಾರೆ.

ಹೊಸ ಮಷೀನಿನ ಬ್ಲೇಡಿಗೆ ಪೇಂಟ್ ಇರುತ್ತದೆ. ಅದನ್ನು ಹಾಗೇ ಹೊಲಕ್ಕಿಳಿಸಿ ಫೋಟೊ ತೆಗೆದರೆ, ಕೆಲಸ ಮಾಡುತ್ತಿದೆ ಎನ್ನುವ ಮಾತೇ ಬಿದ್ದುಹೋಗುತ್ತದೆ. ಅದಕ್ಕೆ ಕ್ಯಾಮೆರಾ ಹೊರತೆಗೆಯುವ ಮೊದಲೇ ಹೊಲದ ಒಂದು ಪಟ್ಟಿಯಷ್ಟು ಹೊಡೆಸುತ್ತೇನೆ. ಬ್ಲೇಡಿನ ತುದಿಯ ಪೇಂಟ್ ಸವೆದು ಉಕ್ಕು ಹೊಳೆಯುತ್ತದೆ, ಗಾಲಿಯ ಗಡ್ಡೆಗಳ ನಡುವೆ ಮಣ್ಣು ತುಂಬುತ್ತದೆ. ಆಮೇಲೆ ಬಾನೆಟ್ ಮತ್ತು ಹೆಸರಿನ ಪಟ್ಟಿ ಮಾತ್ರ ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಗಾಲಿಗೆ ಕೈ ಹಚ್ಚುವುದಿಲ್ಲ. ಹೊಡೆದ ಪಟ್ಟಿಯೂ ಫೋಟೊಗೆ ಬೇಕು. ಟ್ರ್ಯಾಕ್ಟರ್‌ನ ಮುಂದೆ ಹೆಂಟೆ, ಹಿಂದೆ ಮಷೀನಿನಷ್ಟೇ ಅಗಲದ ನುಣ್ಣನೆ ಮಣ್ಣು. ರೋಟರ್ ಏನು ಮಾಡುತ್ತದೆ ಎಂದು ಬೇರೆ ಬರೆಯಬೇಕಾಗಿಲ್ಲ.

ಈಗ ಧೂಳು. ತುಂಬಾ ಜಾಹೀರಾತುಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಉದ್ದಕ್ಕೆ ನೇರವಾಗಿ ಧೂಳಿನ ಬಾಲ ಇರುತ್ತದೆ. ಮಣ್ಣಿನ ರಸ್ತೆಯಲ್ಲಿ ಜೀಪು ಓಡಿದರೆ ಹಾಗೆ ಬರುತ್ತದೆ. ರೋಟರ್ ಹೊಡೆಯುವ ಟ್ರ್ಯಾಕ್ಟರ್ ಹೋಗುವುದು ಗಂಟೆಗೆ ಮೂರು ನಾಲ್ಕು ಕಿಲೋಮೀಟರ್, ಮನುಷ್ಯ ನಡೆಯುವಷ್ಟು. ಗಾಳಿ ಅದಕ್ಕಿಂತ ಜೋರಾಗಿರುತ್ತದೆ. ಹಾಗಾಗಿ ಧೂಳು ಎಲ್ಲಿಗೆ ಹೋಗಬೇಕು ಎನ್ನುವುದನ್ನು ತೀರ್ಮಾನಿಸುವುದು ಗಾಳಿ. ಅಡ್ಡ ಗಾಳಿ ಇದ್ದರೆ ಧೂಳು ರೋಟರಿನ ಹಿಂದಿನ ಹಲಗೆಯ ಕೆಳಗಿಂದ ಎದ್ದು ಪಕ್ಕಕ್ಕೆ ಸರಿಯುತ್ತದೆ. ಬೆನ್ನಿನ ಗಾಳಿ ಇದ್ದರೆ ಟ್ರ್ಯಾಕ್ಟರನ್ನೇ ದಾಟಿ ಮುಂದೆ ಬಂದು ಡ್ರೈವರನ್ನು ಮುಚ್ಚುತ್ತದೆ. ಮುಂದಿನ ಗಾಲಿಯಿಂದ ಏಳುವುದು ತೀರಾ ಕಡಿಮೆ.

ಇದನ್ನೇ ಲೆಕ್ಕ ಹಾಕಿ ಜಾಗ ಹಿಡಿಯಬೇಕು. ಧೂಳು ಚೆಂದ ಕಾಣುವುದು ಸೂರ್ಯ ಅದರ ಹಿಂದೆ ಇದ್ದಾಗ, ಬೆಳಕು ಧೂಳಿನ ಕಣಗಳನ್ನು ದಾಟಿ ನಮ್ಮ ಕಡೆ ಬಂದಾಗ. ಸೂರ್ಯ ನಮ್ಮ ಬೆನ್ನಿಗಿದ್ದರೆ ಅದೇ ಧೂಳು ಸಪ್ಪೆ ಮಸುಕಾಗಿ ಕಾಣುತ್ತದೆ. ಜೊತೆಗೆ ಧೂಳು ನಮ್ಮಿಂದ ದೂರ ಹೋಗಬೇಕು, ಇಲ್ಲದಿದ್ದರೆ ಪಿನ್ನು, ಶಾಫ್ಟು ಎಲ್ಲ ಮುಚ್ಚಿಹೋಗುತ್ತದೆ. ಅಂದರೆ ಗಾಳಿ ಬೆನ್ನಿಗೆ, ಸೂರ್ಯ ಎದುರಿಗೆ. ಮೇ ಕೊನೆಯಲ್ಲಿ ಇಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಹಾಗಾಗಿ ಬೆಳಿಗ್ಗೆ ಮೂಡಣಕ್ಕೆ ಮುಖ ಮಾಡಿ ನಿಂತರೆ ಎರಡೂ ಕೂಡಿಬರುತ್ತವೆ. ಸಂಜೆ ತೆಗೆದರೆ ಸೂರ್ಯ ಎದುರಿಗಿದ್ದರೂ ಧೂಳು ಲೆನ್ಸಿಗೇ ಬರುತ್ತದೆ. ಚಳಿಗಾಲದ ಮೂಡಗಾಳಿಗೆ ಇದು ಉಲ್ಟಾ, ಆಗ ಸಂಜೆಯೇ ವಾಸಿ. ಆಗ ಬೆಳಿಗ್ಗೆ ಇಬ್ಬನಿ ಬಿದ್ದು ಧೂಳು ಹೇಗಿದ್ದರೂ ಏಳುವುದಿಲ್ಲ.

ಅಣ್ಣಿಗೇರಿ ಹತ್ತಿರದ ಆ ಹೊಲ ಉತ್ತರ ದಕ್ಷಿಣ ಉದ್ದಕ್ಕಿತ್ತು. ಅದನ್ನು ನೋಡಿಯೇ ಆರಿಸಿದ್ದು. ನಾನು ಪಡುವಣ ಒಡ್ಡಿನ ಮೇಲೆ ನಿಂತೆ. ಟ್ರ್ಯಾಕ್ಟರ್ ದಕ್ಷಿಣದಿಂದ ಉತ್ತರಕ್ಕೆ ನನ್ನ ಮುಂದೆ ಹಾದುಹೋಗುತ್ತಿತ್ತು. ಪೂರ್ತಿ ಪಕ್ಕದಿಂದ ತೆಗೆದರೆ ಹಿಂದಿನ ದೊಡ್ಡ ಗಾಲಿ ಕೆಳಲಿಂಕ್‌ಗಳನ್ನು ಮರೆ ಮಾಡುತ್ತದೆ. ಮುಂದಿನಿಂದ ತೆಗೆದರೆ ಬಾನೆಟ್ ಚೆಂದ, ಮಷೀನು ಕಾಣುವುದಿಲ್ಲ. ಅದಕ್ಕೆ ಟ್ರ್ಯಾಕ್ಟರ್ ನನ್ನನ್ನು ದಾಟಿ ಸ್ವಲ್ಪ ಮುಂದೆ ಹೋದಾಗ, ಹಿಂಬದಿಯ ಓರೆಯಿಂದ ಒತ್ತಿದೆ. ಲಿಂಕು, ಶಾಫ್ಟು, ರೋಟರು, ಬಾನೆಟ್ ಪಕ್ಕದ ಹೆಸರು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬಂತು.

ಶಟರ್ 1/160 ಸೆಕೆಂಡ್ ಇಟ್ಟು, ಟ್ರ್ಯಾಕ್ಟರ್ ಜೊತೆ ಕ್ಯಾಮೆರಾ ನಿಧಾನ ತಿರುಗಿಸಿದೆ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. 1/1000 ಇಟ್ಟರೆ ಆ ಹೊತ್ತಿನಲ್ಲಿ ಶಾಫ್ಟ್ ಮೂರು ಡಿಗ್ರಿಯಷ್ಟೇ ತಿರುಗುತ್ತದೆ, ನಿಂತ ಹಾಗೇ ಕಾಣುತ್ತದೆ. ಹಲಗೆಯ ಕೆಳಗಿಂದ ಚಿಮ್ಮುವ ಮಣ್ಣು ಗಾಳಿಯಲ್ಲಿ ತೂಗಿಬಿಟ್ಟ ಕಲ್ಲಿನಂತಾಗುತ್ತದೆ. 1/160ರಲ್ಲಿ ಶಾಫ್ಟ್ ಇಪ್ಪತ್ತು ಡಿಗ್ರಿ ತಿರುಗುತ್ತದೆ. ತುದಿಯ ಜಾಯಿಂಟ್ ಮಸುಕಾಗಿ, ಕವಚ ಸ್ಪಷ್ಟವಾಗಿ ಬರುತ್ತದೆ. ಟ್ರ್ಯಾಕ್ಟರ್‌ನ ವೇಗವೇ ಕಡಿಮೆ ಇರುವುದರಿಂದ ಅದು ಅಲುಗಿದಂತೆ ಕಾಣುವುದಿಲ್ಲ.

ಮೊದಲ ಸಲ ಹಾದುಹೋದಾಗ ಧೂಳು ವಿಪರೀತ ಇತ್ತು. ರೋಟರಿನ ಹಿಂದಿನ ಹಲಗೆ ಮೇಲಕ್ಕೆ ಕಟ್ಟಿದ್ದರು. ಅದನ್ನು ಇಳಿಸಲು ಹೇಳಿದೆ. "ಹಲಗಿ ಇಳಿಸಿದ್ರ ಮಣ್ಣ ಸಣ್ಣ ಆಕ್ಕೈತ್ರಿ ಸರ, ಧೂಳ ಕಡಿಮಿ" ಎಂದರು ಡ್ರೈವರ್. ಪಿಟಿಒ ಬಂದ್ ಮಾಡಿ, ಎಂಜಿನ್ ಆಫ್ ಮಾಡಿ, ಶಾಫ್ಟ್ ಪೂರ್ತಿ ನಿಂತ ಮೇಲೆ ಇಳಿದು ಸರಿಮಾಡಿದರು. ಮುಂದಿನ ಸಲ ಧೂಳು ಮೊಣಕಾಲೆತ್ತರದಲ್ಲಿ ದಟ್ಟವಾಗಿ, ಮೇಲೆ ತೆಳ್ಳಗಾಗಿ ಮೂಡಣಕ್ಕೆ ಸರಿಯಿತು. ಮಷೀನು ಪೂರ್ತಿ ಕಾಣುತ್ತಿತ್ತು.

ಡಿಸೈನರ್‌ಗೆ ಫೈಲ್ ಕಳಿಸುವಾಗ ಎರಡು ಮಾತು ಬರೆದು ಕಳಿಸುತ್ತೇನೆ. ಒಂದು, ಬ್ರಶ್‌ನಿಂದ ಧೂಳು ಸೇರಿಸಬೇಡಿ. ಇನ್ನೊಂದು, ಅಕ್ಷರಕ್ಕೆ ಜಾಗ ಬೇಕೆಂದು ಫೋಟೊ ಎಡಬಲ ತಿರುಗಿಸಬೇಡಿ. ತಿರುಗಿಸಿದರೆ ಕ್ಲಚ್ ಬಲಕ್ಕೆ, ಬ್ರೇಕ್ ಎಡಕ್ಕೆ ಹೋಗುತ್ತದೆ. ರೋಟರಿನ ಪಕ್ಕದ ಗೇರ್ ಕೇಸ್ ತಪ್ಪು ಬದಿಗೆ ಬರುತ್ತದೆ. ಅಕ್ಷರಕ್ಕೆ ಜಾಗ ಎಡಕ್ಕೆ ಬೇಕೋ ಬಲಕ್ಕೆ ಬೇಕೋ ಎಂದು ಮೊದಲೇ ಕೇಳಿ, ಹೊಲದಲ್ಲೇ ಟ್ರ್ಯಾಕ್ಟರ್ ಎರಡೂ ದಿಕ್ಕಿಗೆ ಓಡಿಸಿ ತೆಗೆದಿಟ್ಟುಕೊಂಡಿರುತ್ತೇನೆ.